ಅಕ್ಕಿ ಚೀಲದ ಬ್ರ್ಯಾಂಡ್ ಕೆಲಸ: ಡಿಸೈನರ್‌ಗೆ ಬರೆದುಕೊಡುವ ಕಾಗದದಲ್ಲಿ ಏನೇನು ಇರಬೇಕು?

ಎಡದಂಡೆಯ ಸೊಸೆ (ಕಾರಟಗಿ)

ಎಲ್ಲರಿಗೂ ನಮಸ್ಕಾರ. ಕಾರಟಗಿಯಲ್ಲಿ ನಮ್ಮ ಮನೆಯವರದ್ದೊಂದು ಅಕ್ಕಿ ಗಿರಣಿ ಇದೆ. ಇಷ್ಟು ವರ್ಷ ಬೆಂಗಳೂರಿನ ವ್ಯಾಪಾರಿಗಳು ಕಳಿಸುವ ಚೀಲಕ್ಕೇ ನಮ್ಮ ಸೋನಾ ಮಸೂರಿ ತುಂಬಿ ಕಳಿಸುತ್ತಿದ್ದೆವು. ಬರುವ ಸುಗ್ಗಿಯಿಂದ ನಮ್ಮದೇ ಹೆಸರಿನಲ್ಲಿ ಮಾರಬೇಕೆಂದು ಮನೆಯಲ್ಲಿ ತೀರ್ಮಾನವಾಗಿದ್ದು, ಲೋಗೊ ಮತ್ತು ಚೀಲಗಳ ವಿನ್ಯಾಸದ ಹೊಣೆ ನನ್ನ ಮೇಲೆ ಬಿದ್ದಿದೆ. ಹೆಸರನ್ನು ಇಲ್ಲಿ ಹೇಳುವುದಿಲ್ಲ. ಟ್ರೇಡ್‌ಮಾರ್ಕ್ ಅರ್ಜಿಯನ್ನು ಇನ್ನೂ ಹಾಕಿಲ್ಲ.

ಮೂರು ವರ್ಷದ ಹಿಂದೆ ಇದೇ ಪ್ರಯತ್ನ ಒಮ್ಮೆ ನಡೆದು ಕೆಟ್ಟಿತ್ತು. ಆಗ ಒಬ್ಬ ಹುಡುಗನಿಗೆ ಬಾಯಿಮಾತಿನಲ್ಲಿ 15,000 ರೂಪಾಯಿಗೆ ಕೆಲಸ ಒಪ್ಪಿಸಿದ್ದೆವು. ಮಾವನವರು ಒಂದು ಬಣ್ಣ ಹೇಳಿದರು, ಕಾಕಾ ಇನ್ನೊಂದು ಹೇಳಿದರು, ನಮ್ಮ ಯಜಮಾನರು ರಾತ್ರಿ ಹನ್ನೊಂದಕ್ಕೆ ಧ್ವನಿ ಸಂದೇಶ ಕಳಿಸಿದರು. ಹನ್ನೊಂದನೆಯ ತಿದ್ದುಪಡಿಯ ಹೊತ್ತಿಗೆ ಆತ ಫೋನ್ ಎತ್ತುವುದನ್ನು ಬಿಟ್ಟ. ಕೊನೆಗೆ ಕೈಗೆ ಬಂದದ್ದು ಒಂದು ಜೆಪೆಗ್ ಚಿತ್ರ ಮಾತ್ರ. ಚೀಲ ಮಾಡುವವರು ಅದರಿಂದ ಮುದ್ರಣ ಆಗುವುದಿಲ್ಲ, ತಿದ್ದಲು ಬರುವ ಓಪನ್ ಫೈಲ್ ತನ್ನಿ ಎಂದರು. ಆತ ಅದಕ್ಕೆ ಮತ್ತೆ 8,000 ಕೇಳಿದ. ಜಗಳವಾಗಿ ಕೆಲಸ ಅಲ್ಲಿಗೇ ನಿಂತಿತು.

ಈ ಸಲ ಬಳ್ಳಾರಿಯ ಒಬ್ಬ ಫ್ರೀಲಾನ್ಸ್ ಡಿಸೈನರ್ ಜೊತೆ ಮಾತಾಗಿದೆ, ಒಟ್ಟು 60,000 ರೂಪಾಯಿ. ನಾನು ಬರೆದಿರುವ ಕರಡು ಹೀಗಿದೆ: "ಲೋಗೊ, 25, 10 ಮತ್ತು 5 ಕೆ.ಜಿ. ಚೀಲಗಳ ವಿನ್ಯಾಸ, ವಿಸಿಟಿಂಗ್ ಕಾರ್ಡ್, ಗಿರಣಿಯ ಬೋರ್ಡ್. ಒಪ್ಪಿಗೆಯಾಗುವವರೆಗೆ ತಿದ್ದುಪಡಿ ಮಾಡಿಕೊಡತಕ್ಕದ್ದು. ಮುಂಗಡ ಅರ್ಧ, ಚೀಲ ಮುದ್ರಣವಾಗಿ ಬಂದ ಮೇಲೆ ಉಳಿದರ್ಧ." ಇದು ಸರಿಯಿದೆಯೇ? ಏನು ಬಿಟ್ಟುಹೋಗಿದೆ?

ಜೀನ್ಸ್ ಗಲ್ಲಿ (ಬಳ್ಳಾರಿ)

ಅಕ್ಕಾ, ನಿಮ್ಮ ಕರಡು ಸರಿಯಾಗಿಯೇ ಇದೆ, ಸುಮ್ಮನೆ ಹೆದರಬೇಡಿ. ನಾನು ಜೀನ್ಸ್ ಪ್ಯಾಂಟಿನ ಲೇಬಲ್ ಮತ್ತು ಟ್ಯಾಗ್ ಹತ್ತಾರು ಸಲ ಮಾಡಿಸಿದ್ದೇನೆ. ನನ್ನದು ಒಂದೇ ಸೂತ್ರ: ಮಾಲು ಕೈಗೆ ಬರುವ ತನಕ ದುಡ್ಡು ಬಿಡಬಾರದು. ದುಡ್ಡು ಕೊಟ್ಟ ಮೇಲೆ ಲೋಗೊ ನಮ್ಮದೇ, ಫೈಲೂ ನಮ್ಮದೇ, ಅದನ್ನು ಬೇರೆ ಬರೆಯುವ ಅಗತ್ಯವೇ ಇಲ್ಲ.

ಬಣ್ಣದ ಡಬ್ಬಿ (ಬಳ್ಳಾರಿ)

ನಾನು ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವನು. ಆದ್ದರಿಂದ ಡಿಸೈನರ್ ಪಕ್ಷದವನು ಎಂದು ಮೊದಲೇ ಒಪ್ಪಿಕೊಂಡು ಹೇಳುತ್ತೇನೆ: ಅಕ್ಕಾ, ಈ ಕರಡು ನನ್ನ ಮುಂದೆ ಬಂದಿದ್ದರೆ ನಾನು ಕೈಮುಗಿದು ವಾಪಸು ಕಳಿಸುತ್ತಿದ್ದೆ. ಒಪ್ಪಿಕೊಂಡಿದ್ದರೆ 60,000ದ ಬದಲು 90,000 ಹೇಳಿ ಒಪ್ಪಿಕೊಳ್ಳುತ್ತಿದ್ದೆ. "ಒಪ್ಪಿಗೆಯಾಗುವವರೆಗೆ" ಎನ್ನುವ ಆ ಒಂದು ಪದದ ಬೆಲೆಯನ್ನು ನಿಮಗೆ ಗೊತ್ತಾಗದಂತೆ ನಿಮ್ಮಿಂದಲೇ ವಸೂಲು ಮಾಡುತ್ತಾರೆ.

ಮೊದಲು ಚೀಲದ ಮಾತು. "25, 10 ಮತ್ತು 5 ಕೆ.ಜಿ. ಚೀಲಗಳ ವಿನ್ಯಾಸ" ಎಂದು ನೀವು ಬರೆದದ್ದನ್ನು ಆತ ಒಂದು ವಿನ್ಯಾಸವನ್ನು ಮೂರು ಅಳತೆಗೆ ಕೂಡಿಸುವುದು ಎಂದು ಓದಿಕೊಳ್ಳುತ್ತಾನೆ, ನೀವು ಮೂರು ಬೇರೆ ಬೇರೆ ವಿನ್ಯಾಸ ಎಂದು ಅಂದುಕೊಂಡಿರುತ್ತೀರಿ. ಮುಂಬದಿ ಮಾತ್ರವೋ, ಹಿಂಬದಿಯೂ ಸೇರಿಯೋ, ಪಕ್ಕದ ಮಡಿಕೆ ಇದೆಯೋ ಎನ್ನುವುದೂ ಅದರಲ್ಲಿ ಇಲ್ಲ. ಹಾಗಾಗಿ ಹೀಗೆ ಬರೆಯಿರಿ: 25 ಕೆ.ಜಿ.ಯದು ಮೂಲ ವಿನ್ಯಾಸ, ಮುಂಬದಿ ಮತ್ತು ಹಿಂಬದಿ ಎರಡೂ. ಅದು ಒಪ್ಪಿಗೆಯಾದ ನಂತರ ಅದನ್ನೇ 10 ಮತ್ತು 5 ಕೆ.ಜಿ.ಯ ಅಳತೆಗೆ ಹೊಂದಿಸಿಕೊಡುವುದು. ಅಳತೆಯ ನಕ್ಷೆಯನ್ನು ಚೀಲ ತಯಾರಕರಿಂದ ತರಿಸಿಕೊಡುವುದು ಗಿರಣಿಯವರ ಹೊಣೆ. ಕೊನೆಯ ಮಾತನ್ನು ಬಿಡಬೇಡಿ. ಅಳತೆ ಕೈಗೆ ಬರುವ ಮೊದಲೇ ವಿನ್ಯಾಸ ಶುರು ಮಾಡಿ, ಆಮೇಲೆ ಚೀಲ ಎರಡು ಇಂಚು ಕಿರಿದು ಎಂದು ಗೊತ್ತಾಗಿ, ಇಡೀ ಕೆಲಸವನ್ನು ಮತ್ತೆ ಕೂಡಿಸಿದ್ದು ನನಗೇ ಆಗಿದೆ.

ಇನ್ನು ತಿದ್ದುಪಡಿ. ಎರಡು ಸುತ್ತು ಅಥವಾ ಮೂರು ಸುತ್ತು ಎಂದು ಬರೆದರೂ ಸಾಲದು, ಒಂದು ಸುತ್ತು ಎಂದರೇನು ಎಂದು ಬರೆಯಬೇಕು. ನಾನು ಬರೆದುಕೊಳ್ಳುವುದು ಹೀಗೆ: ಗ್ರಾಹಕರ ಕಡೆಯಿಂದ ಒಬ್ಬರೇ ವ್ಯಕ್ತಿ, ಎಲ್ಲರ ಅಭಿಪ್ರಾಯ ಕೂಡಿಸಿ, ಒಂದೇ ಪಟ್ಟಿಯಾಗಿ, ಬರಹದಲ್ಲಿ ಕಳಿಸಿದರೆ ಅದು ಒಂದು ಸುತ್ತು. ಆ ಪಟ್ಟಿಯಲ್ಲಿ ಮೂರು ಅಂಶ ಇದ್ದರೂ ಒಂದೇ, ಮೂವತ್ತು ಇದ್ದರೂ ಒಂದೇ. ನಿಮ್ಮ ಮಾವನವರು, ಕಾಕಾ, ಯಜಮಾನರು ಮೂವರೂ ಬೇರೆ ಬೇರೆಯಾಗಿ ಕಳಿಸಿದರೆ ಅದು ಮೂರು ಸುತ್ತು. ಈ ಒಂದು ವಾಕ್ಯ ಇದ್ದಿದ್ದರೆ ನಿಮ್ಮ ಹಿಂದಿನ ಹನ್ನೊಂದು ತಿದ್ದುಪಡಿ ಬಹುಶಃ ನಾಲ್ಕಕ್ಕೆ ಮುಗಿಯುತ್ತಿತ್ತು.

ಎಡದಂಡೆಯ ಸೊಸೆ

ಒಬ್ಬರೇ ವ್ಯಕ್ತಿ ಎನ್ನುವುದು ನಮ್ಮ ಮನೆಯಲ್ಲಿ ಅಷ್ಟು ಸುಲಭವಲ್ಲ ಅಣ್ಣಾ. ಕಾಕಾ ಅವರು ಪಾಲುದಾರರು; ನನ್ನ ಮೂಲಕ ಹೇಳಿ ಎಂದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಬಣ್ಣದ ಡಬ್ಬಿ

ಆ ಮಾತನ್ನು ನೀವು ಹೇಳಬೇಡಿ, ಕಾಗದ ಹೇಳಲಿ. "ಡಿಸೈನರ್ ಹಾಗೆ ಕರಾರು ಹಾಕಿದ್ದಾನೆ" ಎಂದರೆ ಮುಗಿಯಿತು. ಬೈಗುಳ ನಮಗೆ ಬೀಳುತ್ತದೆ, ಅದಕ್ಕೆ ನಾವು ಹೊಂದಿಕೊಂಡಿದ್ದೇವೆ.

ರಾಯಚೂರು ಕೋಟೆ

ಲೋಗೊಗೆ 60,000 ಎಂದರೆ ಹಗಲು ದರೋಡೆ. ನಮ್ಮ ಅಳಿಯ ಡಿಟಿಪಿ ಅಂಗಡಿ ಇಟ್ಟಿದ್ದಾನೆ, 2,000ಕ್ಕೆ ಒಂದೇ ದಿನದಲ್ಲಿ ಮಾಡಿಕೊಡುತ್ತಾನೆ. ಬೇಕಿದ್ದರೆ ಹೇಳಿ.

ಎಡದಂಡೆಯ ಸೊಸೆ

ಸರ್, ನಾನು ಅಗ್ಗದ ಡಿಸೈನರ್ ಯಾರೆಂದು ಕೇಳಿಲ್ಲ. ಕರಾರಿನ ಒಕ್ಕಣೆ ಹೇಗಿರಬೇಕೆಂದು ಕೇಳಿದ್ದೇನೆ. ಅಳಿಯಂದಿರಿಗೆ ಒಳ್ಳೆಯದಾಗಲಿ.

ಸಿಲಿಂಡರ್ ಲೆಕ್ಕ (ಗಂಗಾವತಿ)

ನಾನು ಚೀಲ ಸರಬರಾಜಿನ ಕೆಲಸದಲ್ಲಿದ್ದೇನೆ. ಮೇಲಿನವರು ಹೇಳಿದ ಅಳತೆಯ ನಕ್ಷೆಯ ಜೊತೆಗೆ ಇನ್ನೊಂದನ್ನು ಕರಾರಿನಲ್ಲಿ ಹಾಕಲೇಬೇಕು: ಬಣ್ಣಗಳ ಸಂಖ್ಯೆಯ ಮಿತಿ.

ನೀವು ಮಾಡಿಸುವುದು ಹೊಳಪಿನ ಬಿಒಪಿಪಿ ಚೀಲ ಎಂದುಕೊಂಡಿದ್ದೇನೆ. ಅದರಲ್ಲಿ ಪಾರದರ್ಶಕ ಹಾಳೆಯ ಒಳಮೈಗೆ ಮುದ್ರಿಸಿ, ಅದನ್ನು ನೇಯ್ದ ಪ್ಲಾಸ್ಟಿಕ್ ಬಟ್ಟೆಗೆ ಅಂಟಿಸುತ್ತಾರೆ. ಮುದ್ರಣಕ್ಕೆ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು, ಮತ್ತು ಹಾಳೆ ಪಾರದರ್ಶಕವಾದ್ದರಿಂದ ಬಿಳಿಯೂ ಒಂದು ಬಣ್ಣವೇ. ಡಿಸೈನರ್ ಕಂಪ್ಯೂಟರಿನಲ್ಲಿ ಐದು ಬಣ್ಣ ಎಂದು ಲೆಕ್ಕ ಹಾಕಿದ್ದು ನಮ್ಮಲ್ಲಿಗೆ ಬಂದಾಗ ಆರಾಗುತ್ತದೆ, ಚಿನ್ನದ ಬಣ್ಣ ಬೇಕೆಂದರೆ ಏಳು. ಹೋದ ವರ್ಷ ನಮ್ಮ ಒಬ್ಬ ಗಿರಾಕಿಗೆ ಒಂದು ಸಿಲಿಂಡರಿಗೆ ಸುಮಾರು 6,000 ರೂಪಾಯಿ ಬಿದ್ದಿತ್ತು. ನಿಮ್ಮದು ಮೂರು ಅಳತೆ. ಪ್ರತಿಯೊಂದಕ್ಕೂ ಸಿಲಿಂಡರ್ ಬೇರೆ ಬೇರೆ ಮಾಡಿಸಿದರೆ, ಡಿಸೈನರ್ ಸುಮ್ಮನೆ ಸೇರಿಸಿದ ಒಂದು ಬಣ್ಣಕ್ಕೆ ನೀವು 18,000 ಕೊಟ್ಟಂತಾಯಿತು.

ಹಾಗಾಗಿ "ಬಿಳಿ ಸೇರಿ ಆರು ಬಣ್ಣ ಮೀರಬಾರದು" ಎಂದು ಮೊದಲ ದಿನವೇ ಬರೆದುಕೊಡಿ. ವಿನ್ಯಾಸ ಮುಗಿದ ಮೇಲೆ ಬಣ್ಣ ಕಡಿಮೆ ಮಾಡಿ ಎಂದರೆ ಅದು ತಿದ್ದುಪಡಿ ಅಲ್ಲ, ಹೊಸ ಕೆಲಸ.

ಜೀನ್ಸ್ ಗಲ್ಲಿ

ಇದು ನನಗೆ ಗೊತ್ತಿರಲಿಲ್ಲ. ನಮ್ಮ ಟ್ಯಾಗ್ ಆಫ್‌ಸೆಟ್‌ನಲ್ಲಿ ಆಗುತ್ತದೆ, ನಾಲ್ಕು ಬಣ್ಣದಲ್ಲೇ ಎಲ್ಲ ಮುಗಿಯುತ್ತದೆ. ಆದರೆ ದುಡ್ಡಿನ ವಿಷಯದಲ್ಲಿ ನನ್ನ ಮಾತಿಗೆ ನಾನು ಬದ್ಧ.

ಸಿಂಧನೂರಿನ ಲೆಕ್ಕಿಗ

ಜೀನ್ಸ್ ಗಲ್ಲಿಯವರ ಮಾತಿನಲ್ಲಿ ಅರ್ಧ ಸರಿ, ಅರ್ಧ ಅಪಾಯ. ಬಾಕಿ ಉಳಿಸಿಕೊಳ್ಳಬೇಕೆಂಬುದು ಸರಿ. ದುಡ್ಡು ಕೊಟ್ಟರೆ ಲೋಗೊ ತಾನಾಗಿಯೇ ನಮ್ಮದಾಗುತ್ತದೆ ಎಂಬುದು ಮಾತ್ರ ತಪ್ಪು ತಿಳಿವಳಿಕೆ, ಮತ್ತು ಇದು ಬಹಳ ಮಂದಿಗೆ ಇದೆ.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನು. ಸಂಬಳದ ನೌಕರ ಮಾಡಿದ್ದರೆ ಮಾಲೀಕರದ್ದಾಗುತ್ತದೆ. ಫ್ರೀಲಾನ್ಸ್ ಡಿಸೈನರ್ ನಿಮ್ಮ ನೌಕರನಲ್ಲ. ಹಣ ಕೊಟ್ಟು ಮಾಡಿಸಿದ ಛಾಯಾಚಿತ್ರ, ವರ್ಣಚಿತ್ರ, ಭಾವಚಿತ್ರ, ಕೆತ್ತನೆ, ಚಲನಚಿತ್ರ ಮಾಡಿಸಿದವರದ್ದು ಎಂದು ಅಲ್ಲಿ ಹೇಳಿದೆ, ಆದರೆ ಆ ಪಟ್ಟಿಯಲ್ಲಿ ಲೋಗೊ ಎಂದು ಎಲ್ಲಿಯೂ ಇಲ್ಲ. ಹಕ್ಕು ನಿಮ್ಮ ಕೈಗೆ ಬರಬೇಕೆಂದರೆ 19ನೆಯ ಕಲಮಿನಂತೆ ಆತ ಬರಹದಲ್ಲಿ ವರ್ಗಾಯಿಸಿ ಸಹಿ ಹಾಕಬೇಕು. ಹಾಗೆ ಬರೆಯುವಾಗಲೂ ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂದು ಸ್ಪಷ್ಟಪಡಿಸಬೇಕು. ಕಾಲ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆ ಅರ್ಥಮಾಡಿಕೊಳ್ಳುತ್ತದೆ. ಮುಂದೊಂದು ದಿನ ನೀವು ದುಬೈಗೆ ಅಕ್ಕಿ ಕಳಿಸುವ ಹೊತ್ತಿಗೆ ಇದು ನೆನಪಾಗಬಾರದು.

ಆದ್ದರಿಂದ ಕರಾರಿನಲ್ಲಿ ಒಂದು ವಾಕ್ಯ: "ಪೂರ್ತಿ ಹಣ ಸಂದಾಯವಾದ ದಿನದಿಂದ, ಒಪ್ಪಿಗೆಯಾದ ಲೋಗೊ ಮತ್ತು ಚೀಲದ ವಿನ್ಯಾಸಗಳ ಕೃತಿಸ್ವಾಮ್ಯವನ್ನು, ಅದರ ಪೂರ್ಣ ಅವಧಿಗೆ, ಜಗತ್ತಿನ ಎಲ್ಲ ಪ್ರದೇಶಗಳಿಗೆ ಅನ್ವಯಿಸುವಂತೆ, ಗಿರಣಿಗೆ ವರ್ಗಾಯಿಸಿದ್ದೇನೆ." ಮೊದಲ ನಾಲ್ಕು ಪದಗಳು ಡಿಸೈನರ್‌ಗೆ ರಕ್ಷಣೆ, ಉಳಿದದ್ದು ನಿಮಗೆ.

ಇನ್ನು 60,000 ಎಂದಿದ್ದೀರಿ. ಜಿಎಸ್‌ಟಿ ಸೇರಿಯೋ, ಬಿಟ್ಟೋ? ಆತ ನೋಂದಾಯಿತನಾಗಿದ್ದರೆ ಶೇ. 18ರಂತೆ 10,800 ಮೇಲೆ ಬರುತ್ತದೆ. ವಾರ್ಷಿಕ ವಹಿವಾಟು 20 ಲಕ್ಷ ದಾಟದ ಕಾರಣ ನೋಂದಣಿ ಮಾಡಿಸಿಲ್ಲದಿದ್ದರೆ ಜಿಎಸ್‌ಟಿ ಹಾಕುವ ಹಾಗೇ ಇಲ್ಲ. ನಿಮ್ಮದು ಪಾಲುದಾರಿಕೆ ಸಂಸ್ಥೆಯಾದ್ದರಿಂದ ವೃತ್ತಿಪರ ಶುಲ್ಕದ ಮೇಲೆ ಶೇ. 10 ಟಿಡಿಎಸ್ ಹಿಡಿಯಬೇಕಾಗುತ್ತದೆ. ಇದರ ವಾರ್ಷಿಕ ಮಿತಿಯನ್ನು 2025ರ ಏಪ್ರಿಲ್‌ನಿಂದ 30,000ದಿಂದ 50,000ಕ್ಕೆ ಏರಿಸಿದ್ದಾರೆ, ನಿಮ್ಮ ಮೊತ್ತ ಅದನ್ನು ದಾಟಿದೆ. ಇದನ್ನು ಮೊದಲೇ ಹೇಳದೆ ಕಂತಿನಲ್ಲಿ ಹಿಡಿದುಕೊಂಡರೆ ಡಿಸೈನರ್ ಮೋಸವಾಯಿತೆಂದು ಕೂಗಾಡುತ್ತಾನೆ.

ಬಣ್ಣದ ಡಬ್ಬಿ

ಕೂಗಾಡಿದ್ದೇನೆ. ನನಗೆ ಯಾರೂ ಹೇಳಿರಲಿಲ್ಲ.

ಜೀನ್ಸ್ ಗಲ್ಲಿ

ಲೆಕ್ಕಿಗರೇ, ಲೋಗೊ ಕೂಡ ಚಿತ್ರವೇ ತಾನೇ? ವರ್ಣಚಿತ್ರ ಎಂದರೆ ಅದರಲ್ಲಿ ಇದೂ ಬರುವುದಿಲ್ಲವೇ?

ಸಿಂಧನೂರಿನ ಲೆಕ್ಕಿಗ

ಹಾಗೆ ವಾದಿಸಬಹುದು, ವಕೀಲರು ವಾದಿಸುತ್ತಾರೆ ಕೂಡ. ಆ ವಾದ ಗೆಲ್ಲುವ ತನಕ ಕೋರ್ಟಿಗೆ ಅಲೆಯುವುದಕ್ಕಿಂತ ಒಂದು ಸಾಲು ಬರೆಸಿಕೊಳ್ಳುವುದು ಅಗ್ಗ.

ಕಿನ್ನಾಳದ ಹುಡುಗಿ (ಕೊಪ್ಪಳ)

ನನ್ನ ಅನುಭವ ಸ್ವಲ್ಪ ಬೇರೆ. ನಮ್ಮದು ಕಿನ್ನಾಳದ ಗೊಂಬೆಗಳ ಮನೆತನ, ಗೊಂಬೆಗೆ ಹೊಂದುವ ಡಬ್ಬಿಯ ವಿನ್ಯಾಸ ಮಾಡಿಸಿದ್ದೆ. ಎಲ್ಲರೂ ಡಿಸೈನರ್ ತಡ ಮಾಡಿದ ಕತೆ ಹೇಳುತ್ತಾರೆ. ನನ್ನ ಕತೆಯಲ್ಲಿ ತಡ ಮಾಡಿದ್ದು ನಾನೇ. ಡಬ್ಬಿಯ ಹಿಂದೆ ಹಾಕುವ ನಾಲ್ಕು ಸಾಲು ಬರಹ ಮತ್ತು ಗೊಂಬೆಗಳ ಫೋಟೊ ಕೊಡುತ್ತೇನೆಂದು ಹೇಳಿ ಎರಡು ತಿಂಗಳು ಕೊಡಲಿಲ್ಲ. ಮನೆಯಲ್ಲಿ ಮದುವೆ ಇತ್ತು, ಆಮೇಲೆ ಜಾತ್ರೆ ಬಂತು. ಅಷ್ಟರಲ್ಲಿ ಆಕೆ ಬೇರೆ ಕೆಲಸ ಒಪ್ಪಿಕೊಂಡಿದ್ದಳು. ನಾನು ಮತ್ತೆ ಫೋನ್ ಮಾಡಿದಾಗ, ಮತ್ತೆ ಶುರು ಮಾಡಲು ಮೂರು ವಾರ ಕಾಯಿರಿ ಎಂದಳು. ನನಗೆ ಸಿಟ್ಟು ಬಂತು, ಆದರೆ ತಪ್ಪು ಯಾರದೆಂದು ಗೊತ್ತಿತ್ತು.

ಅಕ್ಕಾ, ನಿಮ್ಮ ಕರಡಿನಲ್ಲಿ ನೀವು ಕೊಡಬೇಕಾದದ್ದರ ಪಟ್ಟಿಯೂ ಇಲ್ಲ, ದಿನಾಂಕವೂ ಇಲ್ಲ. ಚೀಲದ ಮೇಲೆ ಬರುವ ಬರಹವೆಲ್ಲ ಸಿದ್ಧವಿದೆಯೇ?

ಎಡದಂಡೆಯ ಸೊಸೆ

ಬರಹ ಎಂದರೆ ಹೆಸರು, ವಿಳಾಸ, ತೂಕ ಅಷ್ಟೇ ಅಲ್ಲವೇ ತಂಗಿ? ಅದನ್ನು ಯಾವಾಗ ಬೇಕಾದರೂ ಕೊಡಬಹುದು ಎಂದುಕೊಂಡಿದ್ದೆ.

ಸಿಲಿಂಡರ್ ಲೆಕ್ಕ

ಅಷ್ಟೇ ಅಲ್ಲ, ಮತ್ತು ಸುಮಾರು ಚೀಲಗಳು ಕೆಡುವುದು ಅಲ್ಲಿಯೇ. ಮೊದಲು ಒಂದು ಪ್ರಶ್ನೆ: ದೊಡ್ಡ ಚೀಲ ನಿಜವಾಗಿಯೂ 25 ಕೆ.ಜಿ.ಯದೋ, 26ರದೋ? 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂದ ಮೇಲೆ ನಮ್ಮ ಭಾಗದ ಬಹಳಷ್ಟು ಗಿರಣಿಗಳು 26 ಕೆ.ಜಿ. ಚೀಲಕ್ಕೆ ಹೋದವು. ಅದು ನಿಮ್ಮ ವ್ಯಾಪಾರದ ತೀರ್ಮಾನ, ನಾನು ಏನೂ ಹೇಳುವುದಿಲ್ಲ. ಆದರೆ ಈ ಅಂಕಿ ಸಿಲಿಂಡರಿನಲ್ಲಿ ಕೆತ್ತಿಹೋಗುತ್ತದೆ. ಕೆತ್ತಿದ ಮೇಲೆ ನಿಮ್ಮ ಕಾಕಾ "26 ಮಾಡೋಣ" ಎಂದರೆ ತೂಕದ ಅಂಕಿ ಯಾವ ಬಣ್ಣದಲ್ಲಿದೆಯೋ ಆ ಸಿಲಿಂಡರು ಹೊಸದಾಗಿ ಆಗಬೇಕು.

ಪ್ಯಾಕ್ ಮಾಡಿದವರ ಹೆಸರು ಮತ್ತು ಪೂರ್ಣ ವಿಳಾಸ, ನಿವ್ವಳ ತೂಕ, ಗ್ರಾಹಕರ ದೂರಿಗೆ ಫೋನ್ ಮತ್ತು ಇಮೇಲ್, ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಪರವಾನಗಿ ಸಂಖ್ಯೆ, ಇವೆಲ್ಲ ವಿನ್ಯಾಸದಲ್ಲೇ ಬರಬೇಕು. ಎಂಆರ್‌ಪಿ, ಬ್ಯಾಚ್ ಸಂಖ್ಯೆ, ಪ್ಯಾಕ್ ಮಾಡಿದ ತಿಂಗಳು ಮಾತ್ರ ಸಿಲಿಂಡರಿಗೆ ಹೋಗಬಾರದು. ಅವು ಪ್ರತಿ ಸಲ ಬದಲಾಗುತ್ತವೆ, ಗಿರಣಿಯಲ್ಲೇ ಮುದ್ರೆ ಒತ್ತಬೇಕು. ಅದಕ್ಕೊಂದು ಖಾಲಿ ಚೌಕ ಬಿಡಿ ಎಂದು ಡಿಸೈನರ್‌ಗೆ ಹೇಳಬೇಕು. ಆ ಚೌಕದಲ್ಲಿ ಸುಂದರವಾಗಿ ಭತ್ತದ ತೆನೆ ಬಿಡಿಸಿ ಕಳಿಸಿದವರನ್ನೂ ನೋಡಿದ್ದೇನೆ.

ಕಿನ್ನಾಳದ ಹುಡುಗಿ

ಅದಕ್ಕೇ ಹೇಳಿದ್ದು. ಇದೆಲ್ಲ ಇಷ್ಟನೇ ತಾರೀಕಿನೊಳಗೆ ನಾವು ಕೊಡುತ್ತೇವೆ, ಕೊಡುವುದು ತಡವಾದಷ್ಟು ದಿನ ಮುಗಿಸುವ ತಾರೀಕೂ ಮುಂದೆ ಹೋಗುತ್ತದೆ ಎಂದು ಬರೆಯಿರಿ. ನನ್ನ ಡಿಸೈನರ್ ಎರಡನೆಯ ಸಲ ಹಾಕಿದ ಕರಾರಿನಲ್ಲಿ ಇನ್ನೊಂದೂ ಇತ್ತು: ಕರಡು ಕಳಿಸಿದ ಹತ್ತು ದಿನದೊಳಗೆ ಏನೂ ಹೇಳದಿದ್ದರೆ ಒಪ್ಪಿಗೆ ಎಂದು ತಿಳಿದು ಆ ಹಂತದ ಕಂತನ್ನು ಕೊಡಬೇಕು. ಮೊದಲು ಕಟುವೆನ್ನಿಸಿತು, ಆದರೆ ಕೆಲಸ ಮುಗಿದದ್ದು ಅದರಿಂದಲೇ.

ಜೀನ್ಸ್ ಗಲ್ಲಿ

ಸುಮ್ಮನಿದ್ದರೆ ಒಪ್ಪಿಗೆ ಎನ್ನುವುದನ್ನು ನಾನಂತೂ ಒಪ್ಪುವುದಿಲ್ಲ. ಮನೆಯಲ್ಲಿ ಸಾವು-ನೋವು ಆಗಿದ್ದರೆ?

ಕಿನ್ನಾಳದ ಹುಡುಗಿ

ಹಾಗಿದ್ದರೆ ಒಂದು ಸಂದೇಶ ಕಳಿಸಿ ದಿನ ಕೇಳಬಹುದಲ್ಲ ಅಣ್ಣಾ. ಸುಮ್ಮನಿರುವುದು ಬೇರೆ, ಸಮಯ ಕೇಳುವುದು ಬೇರೆ.

ಎಡದಂಡೆಯ ಸೊಸೆ

ಇಲ್ಲಿಯವರೆಗಿನ ಮಾತನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ತೂಕದ ಪ್ರಶ್ನೆಗೆ ಮಾವನವರೂ ಕಾಕಾ ಅವರೂ ಒಂದು ಗಂಟೆ ವಾದ ಮಾಡಿ 26 ಕೆ.ಜಿ. ಎಂದು ತೀರ್ಮಾನಿಸಿದರು. ಚಿನ್ನದ ಬಣ್ಣ ಬಿಡಲು ಮಾವನವರಿಗೆ ಮನಸ್ಸಿಲ್ಲ. ಒಂದು ಸಿಲಿಂಡರಿನ ಲೆಕ್ಕ ಹೇಳಿದ ಮೇಲೆ ದೊಡ್ಡ ಚೀಲಕ್ಕೆ ಮಾತ್ರ ಇರಲಿ ಎಂದರು.

ಈಗ ನನಗೆ ಉಳಿದಿರುವುದು ಹಣದ ಕಂತು. ಮುದ್ರಣವಾಗಿ ಬಂದ ಮೇಲೆ ಅರ್ಧ ಎಂದರೆ ಡಿಸೈನರ್ ಒಪ್ಪುತ್ತಿಲ್ಲ. ಫೈಲ್ ಕೊಡುವ ಮೊದಲೇ ಪೂರ್ತಿ ಬೇಕು ಎನ್ನುತ್ತಾರೆ. ಫೈಲಿನಲ್ಲಿ ತಪ್ಪಿದ್ದರೆ ನಾನು ಏನು ಮಾಡಬೇಕು?

ಬಣ್ಣದ ಡಬ್ಬಿ

ಆತನ ಭಯವನ್ನೂ ನೋಡಿ. ಚೀಲ ಮುದ್ರಣವಾಗುವುದು ನಿಮ್ಮ ಕೈಯಲ್ಲಿದೆ, ಆತನ ಕೈಯಲ್ಲಿಲ್ಲ. ಭತ್ತದ ದರ ಬಿದ್ದು ನೀವು ಆರು ತಿಂಗಳು ಮುದ್ರಣ ಮುಂದೂಡಿದರೆ ಆತನ 30,000 ಅಲ್ಲಿಯೇ ಕೂರುತ್ತದೆ. ಕೆಲಸ ಮುಗಿಸಿದವನ ದುಡ್ಡನ್ನು ಬೇರೊಬ್ಬರ ಯಂತ್ರಕ್ಕೆ ಕಟ್ಟಿಹಾಕಬಾರದು.

ನಿಮ್ಮ ಭಯಕ್ಕೂ ಅರ್ಥವಿದೆ. ಅದಕ್ಕೊಂದು ಉದಾಹರಣೆ ನನ್ನದೇ ಇದೆ. ಒಬ್ಬ ಗಿರಾಕಿಯ ಚೀಲದ ಫೈಲನ್ನು ಅಕ್ಷರಗಳನ್ನು ಕರ್ವ್ಸ್ ಮಾಡದೆ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿ ಬದಲಿಸದೆ, ಕಳಿಸಿಬಿಟ್ಟಿದ್ದೆ. ಸಿಲಿಂಡರ್ ಕೆತ್ತುವವರ ಕಂಪ್ಯೂಟರಿನಲ್ಲಿ ಆ ಕನ್ನಡ ಫಾಂಟ್ ಇರಲಿಲ್ಲ. "ಅಕ್ಕಿ" ಎನ್ನುವುದು ಅಲ್ಲಿ ಒತ್ತು ಬಿಚ್ಚಿಕೊಂಡು "ಅಕ್‌ಕಿ" ಆಗಿತ್ತು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಸರಿಯಾಗಿಯೇ ಇದೆ ಎಂದುಕೊಂಡರು. ಪ್ರೂಫ್ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂದಾಗ ಗಿರಾಕಿಯ ಮಗಳು, ಆರನೆಯ ತರಗತಿಯ ಹುಡುಗಿ, ಅದನ್ನು ಹಿಡಿದಳು. ಇಲ್ಲದಿದ್ದರೆ ಹತ್ತು ಸಾವಿರ ಚೀಲ ಹಾಗೆಯೇ ಬರುತ್ತಿತ್ತು.

ಅಂದಿನಿಂದ ನಾನು ಕಂತನ್ನು ನಾಲ್ಕು ಮಾಡಿಕೊಂಡಿದ್ದೇನೆ. ನಿಮ್ಮ 60,000ಕ್ಕೆ ಹೊಂದಿಸಿದರೆ ಹೀಗಾಗುತ್ತದೆ. ಕೆಲಸ ಶುರುವಾಗುವ ಮೊದಲು ಶೇ. 40, ಅಂದರೆ 24,000. ಇದು ಬಂದ ಮೇಲೆಯೇ ಪೆನ್ಸಿಲ್ ಎತ್ತುವುದು. ಲೋಗೊ ಮತ್ತು ದೊಡ್ಡ ಚೀಲದ ಮುಂಬದಿ ಒಪ್ಪಿಗೆಯಾದಾಗ 18,000. ಎಲ್ಲ ಅಳತೆಗಳೂ ಮುಗಿದು, ನೀರುಗುರುತು ಹಾಕಿದ ಪ್ರತಿಯನ್ನು ನೀವು ನೋಡಿ ಸರಿ ಎಂದಾಗ 12,000. ಅದು ಸಂದ ದಿನವೇ ಅಚ್ಚಿನ ಫೈಲುಗಳು ನಿಮ್ಮ ಕೈಗೆ. ಉಳಿದ 6,000 ಸಿಲಿಂಡರಿನ ಪ್ರೂಫ್ ಸರಿಯಾಗಿ ಬಂದ ಮೇಲೆ, ಆದರೆ ಫೈಲ್ ಕೊಟ್ಟ 30 ದಿನದೊಳಗೆ, ನೀವು ಮುದ್ರಣಕ್ಕೆ ಹೋಗಲಿ ಬಿಡಲಿ. ಆ ಆರು ಸಾವಿರಕ್ಕಾಗಿ ನಾನು ಪ್ರೂಫ್ ನೋಡಲು ಬರುತ್ತೇನೆ. ಅದಿಲ್ಲದಿದ್ದರೆ ಬಹುಶಃ ಬರುವುದಿಲ್ಲ, ನಿಜ ಹೇಳುತ್ತೇನೆ.

ಸಿಲಿಂಡರ್ ಲೆಕ್ಕ

ಆ "ಅಕ್‌ಕಿ" ನಮ್ಮಲ್ಲಿಯೂ ಬರುತ್ತದೆ. ಒತ್ತಕ್ಷರ ಕೂಡಿಸುವ ಆಯ್ಕೆ ಹಾಕದೆ ಇಲಸ್ಟ್ರೇಟರ್‌ನಲ್ಲಿ ಯೂನಿಕೋಡ್ ಕನ್ನಡ ಹಾಕಿದರೂ ಹೀಗೆಯೇ ಆಗುತ್ತದೆ. ಹಾಗಾಗಿ ಕೊಡಬೇಕಾದ ಫೈಲುಗಳನ್ನು ಹೆಸರಿಸಿ ಬರೆಯಿರಿ: ಅಕ್ಷರಗಳನ್ನು ಕರ್ವ್ಸ್ ಮಾಡಿದ ಪಿಡಿಎಫ್ ಒಂದು, ಅಕ್ಷರ ತಿದ್ದಲು ಬರುವ ಓಪನ್ ಫೈಲ್ ಒಂದು, ಲೋಗೊ ಮಾತ್ರ ಬಣ್ಣದಲ್ಲಿ ಮತ್ತು ಒಂದೇ ಬಣ್ಣದಲ್ಲಿ. ಒಂದೇ ಬಣ್ಣದ್ದು ಏಕೆಂದರೆ ಗೋಣಿಚೀಲಕ್ಕೆ, ಲಾರಿಯ ಬಿಲ್ಲಿಗೆ ಮುದ್ರೆ ಹೊಡೆಯುವಾಗ ಬೇಕಾಗುತ್ತದೆ.

ಸಿಂಧನೂರಿನ ಲೆಕ್ಕಿಗ

ಫಾಂಟ್ ಬಗ್ಗೆಯೂ ಒಂದು ಸಾಲು ಬೇಕು. ದುಡ್ಡು ಕೊಟ್ಟು ಕೊಳ್ಳುವ ಫಾಂಟ್ ಬಳಸಿದರೆ ಅದರ ಪರವಾನಗಿ ಯಾರ ಹೆಸರಿನಲ್ಲಿ, ಯಾರ ಖರ್ಚಿನಲ್ಲಿ? ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದವು ಮುಕ್ತ ಪರವಾನಗಿಯವು, ತಕರಾರಿಲ್ಲ.

ರಾಯಚೂರು ಕೋಟೆ

ನಮ್ಮ ಅಳಿಯ ನುಡಿಯಲ್ಲೇ ಎಲ್ಲ ಮಾಡುತ್ತಾನೆ, ಒಂದು ಒತ್ತೂ ಬಿಚ್ಚಿಕೊಂಡಿಲ್ಲ.

ಬಣ್ಣದ ಡಬ್ಬಿ

ಸರ್, ನುಡಿಯ ಹಳೆಯ ಅಕ್ಷರಗಳಿಗೆ ಆ ತೊಂದರೆ ಕಡಿಮೆ, ಅದು ನಿಜ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಡೀ ವಾಕ್ಯವೇ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಕರ್ವ್ಸ್ ಮಾಡುವುದು ಅಳಿಯಂದಿರಿಗೂ ತಪ್ಪಿದ್ದಲ್ಲ.

ಎಡದಂಡೆಯ ಸೊಸೆ

ಪ್ರೂಫಿಗೆ ಸರಿ ಎಂದು ನಾನು ಹೇಳಿದ ಮೇಲೆ ತಪ್ಪು ಕಂಡರೆ ನಷ್ಟ ಯಾರದು?

ಬಣ್ಣದ ಡಬ್ಬಿ

ನಮ್ಮ ರೂಢಿಯಲ್ಲಿ, ನೀವು ಕೊಟ್ಟ ಬರಹದಲ್ಲೇ ತಪ್ಪಿದ್ದರೆ ಅಥವಾ ನೀವು ಓದಿ ಸಹಿ ಹಾಕಿದ್ದರೆ ನಿಮ್ಮದು. ನಿಮ್ಮ ಬರಹ ಸರಿಯಿದ್ದು ನಾನು ಟೈಪ್ ಮಾಡುವಾಗ ಕೆಡಿಸಿದ್ದರೆ ಫೈಲನ್ನು ಪುಕ್ಕಟೆ ಸರಿಮಾಡಿಕೊಡುತ್ತೇನೆ. ಅದು ತಿದ್ದುಪಡಿಯ ಸುತ್ತಿನ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಸಿಲಿಂಡರಿನ ಖರ್ಚು ಕೊಡುವುದಿಲ್ಲ.

ಸಿಂಧನೂರಿನ ಲೆಕ್ಕಿಗ

ಇದನ್ನು ನಾನು ಒಪ್ಪುವುದಿಲ್ಲ. ತಪ್ಪು ನಿಮ್ಮದಾದರೆ, ಕನಿಷ್ಠ ಪಡೆದ ಶುಲ್ಕದ ಮಿತಿಯವರೆಗಾದರೂ ಹೊಣೆ ಹೊರಬೇಕು. ಗಿರಾಕಿ ಸಹಿ ಹಾಕಿದ ಮಾತ್ರಕ್ಕೆ ನಿಮ್ಮ ಕೆಲಸದ ಹೊಣೆ ತೊಳೆದುಹೋಗುವುದಿಲ್ಲ.

ಬಣ್ಣದ ಡಬ್ಬಿ

ಹಾಗಾದರೆ 60,000ಕ್ಕೆ ಯಾರೂ ಚೀಲ ಮಾಡುವುದಿಲ್ಲ ಲೆಕ್ಕಿಗರೇ. ಒಂದು ಒತ್ತಕ್ಷರಕ್ಕೆ ಎರಡು ತಿಂಗಳ ದುಡಿಮೆ ಕೊಡುವವನು ಈ ಊರಿನಲ್ಲಿಲ್ಲ.

ಜೀನ್ಸ್ ಗಲ್ಲಿ

ಇದರಲ್ಲಿ ನಾನು ಲೆಕ್ಕಿಗರ ಪಕ್ಷ. ನಮ್ಮ ಟೇಲರ್ ಪ್ಯಾಂಟ್ ಕೆಡಿಸಿದರೆ ಬಟ್ಟೆಯ ದುಡ್ಡು ಹಿಡಿಯುತ್ತೇವೆ.

ಕಿನ್ನಾಳದ ಹುಡುಗಿ

ಪ್ಯಾಂಟನ್ನು ಹೊಲಿಯುವ ಮೊದಲು ಗಿರಾಕಿಗೆ ತೋರಿಸಿ ಸಹಿ ತೆಗೆದುಕೊಳ್ಳುವುದಿಲ್ಲವಲ್ಲ ಅಣ್ಣಾ.

ಎಡದಂಡೆಯ ಸೊಸೆ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೊಸ ಕರಡನ್ನು ಕಳಿಸಿದೆ. ಲೋಗೊಗೆ ಮೂರು ಪರಿಕಲ್ಪನೆ, ಆರಿಸಿದ ಒಂದಕ್ಕೆ ಎರಡು ಸುತ್ತು. ದೊಡ್ಡ ಚೀಲಕ್ಕೆ ಎರಡು ಸುತ್ತು. ಸಣ್ಣ ಚೀಲಗಳಿಗೆ ಒಂದು. ಮೀರಿದ ಪ್ರತಿ ಸುತ್ತಿಗೆ 2,500. ಒಂದು ಪರಿಕಲ್ಪನೆ ಆರಿಸಿದ ಮೇಲೆ ನಾವು ಹಿಂದಕ್ಕೆ ಹೋದರೆ ಅದು ಹೊಸ ಕೆಲಸ. ಬೋರ್ಡನ್ನು ಪಟ್ಟಿಯಿಂದ ತೆಗೆದೆ, ಅದನ್ನು ಬರೆಯುವ ಪೇಂಟರ್ ನಮ್ಮೂರಲ್ಲೇ ಇದ್ದಾರೆ. ಕಂತು ನಾಲ್ಕು, ಬಣ್ಣದ ಡಬ್ಬಿಯಣ್ಣ ಹೇಳಿದಂತೆಯೇ. ಜಿಎಸ್‌ಟಿ ಆತನಿಗಿಲ್ಲ, ಟಿಡಿಎಸ್ ಹಿಡಿಯುತ್ತೇವೆಂದು ಮೊದಲೇ ಬರೆದೆ.

ಆತ ಎರಡು ಸಾಲಿಗೆ ಮಾತ್ರ ಗೆರೆ ಎಳೆದು ಕಳಿಸಿದ್ದಾರೆ. ಒಂದು, ಪ್ರೂಫಿನ ತಪ್ಪಿನ ಹೊಣೆ. ಅದಕ್ಕೆ ಕೊನೆಯ 6,000 ಬಿಟ್ಟುಕೊಡುವವರೆಗೆ ಮಾತ್ರ ಒಪ್ಪಿದ್ದಾರೆ. ಇನ್ನೊಂದು, ಓಪನ್ ಫೈಲ್. ಚೀಲದ್ದನ್ನು ಕೊಡುತ್ತಾರಂತೆ, ಲೋಗೊ ಬಿಡಿಸಿದ ಮೂಲ ಫೈಲನ್ನು ಮಾತ್ರ 5,000 ಹೆಚ್ಚು ಕೊಟ್ಟರೆ ಎನ್ನುತ್ತಾರೆ.

ಜೀನ್ಸ್ ಗಲ್ಲಿ

ನೋಡಿದಿರಾ, ಮತ್ತೆ ಅದೇ 8,000ದ ಕತೆ.

ಬಣ್ಣದ ಡಬ್ಬಿ

ಅದೇ ಕತೆಯಲ್ಲ. ಆಗ ಕೆಲಸ ಮುಗಿದ ಮೇಲೆ ಕೇಳಿದ್ದ, ಈಗ ಶುರುವಾಗುವ ಮೊದಲೇ ಕೇಳುತ್ತಿದ್ದಾನೆ. ಆದರೂ ಅಕ್ಕಾ, ಕರ್ವ್ಸ್ ಮಾಡಿದ ಪಿಡಿಎಫ್‌ನಿಂದಲೇ ಲೋಗೊವನ್ನು ಎಷ್ಟು ದೊಡ್ಡದು ಬೇಕಾದರೂ ಮಾಡಬಹುದು, ಬಣ್ಣವನ್ನೂ ಬದಲಾಯಿಸಬಹುದು. ಆತ ಕೊಡದೆ ಇಟ್ಟುಕೊಳ್ಳುವುದು ಒರಟು ಗೆರೆಗಳನ್ನು ಮತ್ತು ಆರಿಸದೆ ಬಿಟ್ಟ ಪರಿಕಲ್ಪನೆಗಳನ್ನು. ಅವು ನಿಮಗೆ ಬೇಕೇ ಎಂದು ಕೇಳಿಕೊಳ್ಳಿ. ನಾನಾಗಿದ್ದರೆ ಆ 5,000 ಉಳಿಸುತ್ತಿದ್ದೆ.

ಸಿಂಧನೂರಿನ ಲೆಕ್ಕಿಗ

ನಾನಾಗಿದ್ದರೆ ಕೊಡುತ್ತಿದ್ದೆ. ಆರಿಸದೆ ಬಿಟ್ಟ ಎರಡು ಪರಿಕಲ್ಪನೆಗಳನ್ನು ಆತ ನಾಳೆ ಗಂಗಾವತಿಯ ಇನ್ನೊಂದು ಗಿರಣಿಗೆ ಮಾರಿದರೆ, ಎರಡೂ ಚೀಲ ಒಂದೇ ಅಂಗಡಿಯಲ್ಲಿ ಅಣ್ಣ-ತಮ್ಮರಂತೆ ನಿಲ್ಲುತ್ತವೆ. ಹಣ ಕೊಡದಿದ್ದರೂ ಇಷ್ಟನ್ನಾದರೂ ಬರೆಸಿಕೊಳ್ಳಿ: ಬಿಟ್ಟ ಪರಿಕಲ್ಪನೆಗಳನ್ನು ಎರಡು ವರ್ಷ ಬೇರೆ ಅಕ್ಕಿ ಗಿರಣಿಗೆ ಕೊಡುವ ಹಾಗಿಲ್ಲ.

ಎಡದಂಡೆಯ ಸೊಸೆ

ಅದು ನನಗೆ ಹೊಳೆದಿರಲಿಲ್ಲ. ಆ ಸಾಲನ್ನು ಸೇರಿಸಿ ಇವತ್ತೇ ಕಳಿಸುತ್ತೇನೆ. ಮುಂಗಡದ ಚೆಕ್ಕನ್ನು ಮಾವನವರು ಬರೆದಿಟ್ಟಿದ್ದಾರೆ. ಮೊತ್ತದಲ್ಲಿ ಟಿಡಿಎಸ್ ಹಿಡಿಯದೆ ಪೂರ್ತಿ 24,000 ಬರೆದುಬಿಟ್ಟಿದ್ದಾರೆ, ಅದನ್ನು ಹರಿದು 21,600ಕ್ಕೆ ಬೇರೆ ಬರೆಸಬೇಕು.